ಕಮಲಾಪುರಕ್ಕೆ ಹೊರಟ ಶಿಕ್ಷಕಿಯ ಪತ್ರ ಬಂದಾಗ

ಜೇವರ್ಗಿ ಕಾಲೋನಿಯ, ಕಲಬುರಗಿ ನಗರದ ಮತ್ತು ಕಮಲಾಪುರ ತಾಲ್ಲೂಕಿನ ಶಾಲೆಗಳ ಪ್ರಾಂಶುಪಾಲರಿಗೆ ಹಾಗೂ ಮುಖ್ಯಗುರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಮೇಜಿನ ಮೇಲೆ ವರ್ಷಕ್ಕೆ ಹಲವು ಸಲ ಬಂದು ಬೀಳುವ ಒಂದು ಕಾಗದದ ಬಗ್ಗೆ ಈ ಪತ್ರ. ಶಿಕ್ಷಕರೊಬ್ಬರು ತರಬೇತಿಗೆ ಹೋಗಬೇಕು, ಅನುಮತಿ ಕೇಳಿ ಒಂದು ಪುಟ ಬರೆದಿರುತ್ತಾರೆ. ತಾವು ಎರಡು ಸಾಲು ಓದುತ್ತೀರಿ, ಕನ್ನಡಕ ತೆಗೆಯುತ್ತೀರಿ, ಕೇಳುವುದು ಒಂದೇ ಪ್ರಶ್ನೆ: "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕ್ಲಾಸ್ ಯಾರ್ ತಗೋತಾರ್ರಿ?" ಆ ಪ್ರಶ್ನೆಗೆ ಉತ್ತರ ಬಹುಪಾಲು ಪತ್ರಗಳಲ್ಲಿ ಇರುವುದಿಲ್ಲ. ಅದರ ಜಾಗದಲ್ಲಿ ಒಂದು ಸಾಲು ಇರುತ್ತದೆ: "ತರಗತಿಗಳಿಗೆ ಯಾವುದೇ ತೊಂದರೆಯಾಗದಂತೆ ನೋಡಿಕೊಳ್ಳಲಾಗುವುದು." ನೋಡಿಕೊಳ್ಳುವವರು ಯಾರು, ಯಾವ ದಿನ, ಎಷ್ಟನೇ ಪಿರಿಯಡ್, ಯಾವ ಪಾಠ ಎಂಬುದೊಂದೂ ಇಲ್ಲದ ಈ ಸಾಲು ತಲೆಮಾರುಗಳಿಂದ ಪತ್ರದಿಂದ ಪತ್ರಕ್ಕೆ ನಕಲಾಗುತ್ತಾ ಬಂದಿದೆ.

ಕಲಬುರಗಿ ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಎಂದರೆ ಮೊದಲು ನೆನಪಾಗುವ ಊರು ಕಮಲಾಪುರ. ಹೊರಗಿನವರಿಗೆ ಅದು ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು. ಶಿಕ್ಷಕರಿಗೆ ಡಯಟ್ ಇರುವ ಊರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ದೇಶದ ಜಿಲ್ಲೆಗಳಲ್ಲಿ ಹುಟ್ಟಿಕೊಂಡ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ ಇದೂ ಒಂದು. ಜಿಲ್ಲಾ ಕೇಂದ್ರದೊಳಗೆ ಇರದೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿರುವುದು ಇದರ ವಿಶೇಷ, ನಗರದ ಶಾಲೆಗಳಿಗೆ ಇದೇ ಸಮಸ್ಯೆ ಕೂಡ. ಜೇವರ್ಗಿ ಕಾಲೋನಿ ಊರಿನ ಒಂದು ಮಗ್ಗುಲಾದರೆ ಕಮಲಾಪುರದ ದಾರಿ ಇನ್ನೊಂದು ಮಗ್ಗುಲು. ಕಾಲೋನಿಯಿಂದ ಬಸ್ ನಿಲ್ದಾಣ, ಅಲ್ಲಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್, ಇಳಿದ ಮೇಲೆ ನಡಿಗೆ. ಹಾಗಾಗಿ "ಮೊದಲನೇ ಪಿರಿಯಡ್ ಮುಗಿಸಿ ಹೋಗ್ರಿ", "ಸಂಜಿ ಬಂದು ಒಂದು ಕ್ಲಾಸ್ ತಗೋರಿ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಮಲಾಪುರದ ತರಬೇತಿ ಎಂದರೆ ಇಡೀ ದಿನ ಶಾಲೆಯಿಂದ ಹೊರಗೆ. ಐದು ದಿನದ ತರಬೇತಿಗೆ ಐದು ಇಡೀ ದಿನ.

ತಾವು ಹಿಂಜರಿಯುವುದಕ್ಕೆ ಕಾರಣವಿದೆ, ಅದನ್ನು ಸಣ್ಣದು ಮಾಡುವುದು ಬೇಡ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91 ದಾಟಿತ್ತು. ಅಂಥ ಅಂಕಿ ತಲೆಯ ಮೇಲಿರುವಾಗ ಹತ್ತನೇ ತರಗತಿಯ ಗಣಿತ ಶಿಕ್ಷಕಿಯನ್ನು ಐದು ದಿನ ಬಿಟ್ಟುಕೊಡಲು ಯಾವ ಮುಖ್ಯಸ್ಥರಿಗೆ ಮನಸ್ಸು ಬಂದೀತು? ಇನ್ನೊಂದು ಕಡೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕೆಂದು ನಿರೀಕ್ಷಿಸುತ್ತದೆ. ದಿನಕ್ಕೆ ಆರು ಗಂಟೆಯಂತೆ ಐದು ದಿನ ಕೂತರೆ 30 ಗಂಟೆ ಆಗುತ್ತದೆ, ಇನ್ನೂ 20 ಉಳಿಯುತ್ತದೆ. ಒಂದೂ ಪಿರಿಯಡ್ ಕಳೆಯದೆ ಇದನ್ನು ಮಾಡಲಾಗದು. ಕಳೆದ ಪಿರಿಯಡ್‌ಗಳಲ್ಲಿ ಎಷ್ಟನ್ನು ವಾಪಸು ತರಬಹುದು ಎಂಬುದಷ್ಟೇ ಲೆಕ್ಕ. ಆ ಲೆಕ್ಕ ಪತ್ರದಲ್ಲೇ ಇರಬೇಕು.

ಮೊದಲು ವಿಷಯದ ಸಾಲು. ಇಲಾಖೆ ಅಥವಾ ಡಯಟ್ ಸುತ್ತೋಲೆ ಹೊರಡಿಸಿ, ಹೆಸರು ಹಾಕಿ ಕರೆದಿದ್ದರೆ ಸರ್ಕಾರಿ ಶಾಲೆಯ ಶಿಕ್ಷಕಿ ರಜೆ ಕೇಳಬೇಕಾಗಿಯೇ ಇಲ್ಲ. ಅದು ಅನ್ಯಕಾರ್ಯ ನಿಮಿತ್ತ, ಸ್ಟಾಫ್ ರೂಮಿನ ಭಾಷೆಯಲ್ಲಿ ಓಓಡಿ. ಹಾಜರಿ ವಹಿಯಲ್ಲಿ ಹಾಗೆಯೇ ನಮೂದಾಗಬೇಕು, ಸಾಂದರ್ಭಿಕ ರಜೆಯಲ್ಲಿ ಒಂದು ದಿನವೂ ಕಡಿಮೆಯಾಗಬಾರದು. ಆದರೆ ಅಭ್ಯಾಸಬಲದಿಂದ "ರಜೆ ಮಂಜೂರು ಮಾಡುವ ಕುರಿತು" ಎಂದು ಬರೆದುಬಿಡುತ್ತಾರೆ, ಗುಮಾಸ್ತರು ಅದನ್ನೇ ನಂಬಿ ಐದು ಸಿ.ಎಲ್. ಕಳೆದುಬಿಡುತ್ತಾರೆ. ಡಿಸೆಂಬರ್‌ನಲ್ಲಿ ಮನೆಯಲ್ಲಿ ಮದುವೆ ಬಂದಾಗ ಜಗಳ ಶುರುವಾಗುತ್ತದೆ. ಇದಕ್ಕೆ ವಿರುದ್ಧದ ತಪ್ಪೂ ಇದೆ. ಸ್ವಂತ ಆಸಕ್ತಿಯಿಂದ, ಯಾರೂ ನಿಯೋಜಿಸದೆ ಹೋಗುವ ಖಾಸಗಿ ಕಾರ್ಯಾಗಾರಕ್ಕೆ ಓಓಡಿ ಕೇಳುವುದು ಸಲ್ಲದು. ಅದಕ್ಕೆ ರಜೆಯನ್ನೇ ಕೇಳಬೇಕು. ಎರಡನ್ನೂ ಬೇರ್ಪಡಿಸುವುದು ಪತ್ರದ 'ಉಲ್ಲೇಖ' ಎಂಬ ಸಾಲು. ಅಲ್ಲಿ ಸುತ್ತೋಲೆಯ ಸಂಖ್ಯೆ, ದಿನಾಂಕ ಇದ್ದು ಪ್ರತಿ ಲಗತ್ತಾಗಿದ್ದರೆ ಅದು ಕರ್ತವ್ಯ. ಖಾಲಿ ಇದ್ದರೆ ರಜೆ. ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿಯ ನಿಯಮವೇ ನಿಯಮ. ಸಂಬಳ ಕತ್ತರಿಸುತ್ತಾರೋ ಇಲ್ಲವೋ ಎಂಬುದನ್ನು ಹೋಗುವ ಮೊದಲು ಬರಹದಲ್ಲಿ ಪಡೆಯುವುದು ಒಳ್ಳೆಯದು, ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇಷ್ಟು ಕಾಗದದ ಕೆಲಸ. ನಿಜವಾದ ಕೆಲಸ ಇನ್ನು ಮುಂದೆ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಜೇವರ್ಗಿ ಕಾಲೋನಿಯ ಒಂದು ಪ್ರೌಢಶಾಲೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 40 ನಿಮಿಷದ ಏಳು ಪಿರಿಯಡ್, ಶನಿವಾರ ಅರ್ಧ ದಿನ. ಗಣಿತ ಶಿಕ್ಷಕಿಗೆ ನಾಲ್ಕು ತರಗತಿ: ಮೊದಲನೇ ಪಿರಿಯಡ್ ಹತ್ತನೇ ತರಗತಿ, ಮೂರನೆಯದು ಒಂಬತ್ತು 'ಎ', ಐದನೆಯದು ಒಂಬತ್ತು 'ಬಿ', ಆರನೆಯದು ಎಂಟನೇ ತರಗತಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಾಲೂ ಇದೇ ಕ್ರಮ. ಎರಡು, ನಾಲ್ಕು ಮತ್ತು ಏಳನೇ ಪಿರಿಯಡ್ ಬಿಡುವು. ಕಮಲಾಪುರದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ತರಬೇತಿ. ಅಂದರೆ ದಿನಕ್ಕೆ ನಾಲ್ಕರಂತೆ 20 ಪಿರಿಯಡ್ ಖಾಲಿ ಬೀಳುತ್ತವೆ.

ಸಾಮಾನ್ಯವಾಗಿ ಆಗುವುದೇನು? ಬೆಳಿಗ್ಗೆ ಅಡ್ಜಸ್ಟ್‌ಮೆಂಟ್ ವಹಿ ತೆರೆಯುತ್ತದೆ. ಆ ಹೊತ್ತಿಗೆ ಯಾರು ಬಿಡುವಾಗಿದ್ದಾರೋ ಅವರ ಹೆಸರು ಬೀಳುತ್ತದೆ. ಹೆಚ್ಚಿನ ಸಲ ಅದು ದೈಹಿಕ ಶಿಕ್ಷಕರದೇ ಹೆಸರು, ಅವರೇನೋ ಬಿಡುವಿಗಾಗಿಯೇ ನೇಮಕವಾದವರ ಹಾಗೆ. ಹೋದವರು ಹಾಜರಿ ಕರೆದು, "ಗದ್ದಲ ಮಾಡಬ್ಯಾಡ್ರಿ, ಓದಿಕೋರಿ" ಎಂದು ಕೂರುತ್ತಾರೆ. ತರಗತಿ ಖಾಲಿ ಬೀಳಲಿಲ್ಲ, ನಿಜ. ಆದರೆ ಗಣಿತದ 20 ಪಿರಿಯಡ್ ಹೋದದ್ದು ಹೋಯಿತು. ಇದು ಕಾವಲು, ಬದಲಿ ವ್ಯವಸ್ಥೆಯಲ್ಲ.

ಪಿರಿಯಡ್ ಉಳಿಯುವುದು ಅದಲುಬದಲಿನಿಂದ. ವಿಜ್ಞಾನದ ಗುರುಗಳು ಸೋಮವಾರ ಗಣಿತದ ಅವಧಿಯಲ್ಲಿ ಹತ್ತನೇ ತರಗತಿಗೆ ಹೋಗಿ ವಿಜ್ಞಾನವನ್ನೇ ಪಾಠ ಮಾಡುತ್ತಾರೆ. ಮುಂದಿನ ವಾರ ಅವರ ಒಂದು ಅವಧಿಯಲ್ಲಿ ಗಣಿತ ಶಿಕ್ಷಕಿ ಹೋಗಿ ಗಣಿತ ಮಾಡುತ್ತಾರೆ. ಮಕ್ಕಳಿಗೆ ಎರಡೂ ವಿಷಯದ ಲೆಕ್ಕ ಸಮವಾಯಿತು, ವಾರ ಮಾತ್ರ ಬದಲಾಯಿತು. ಇದಕ್ಕೆ ಮೂರು ಷರತ್ತು ಒಟ್ಟಿಗೆ ಕೂಡಿಬರಬೇಕು. ಬದಲಿಗೆ ಹೋಗುವವರು ಅದೇ ತರಗತಿಗೆ ಪಾಠ ಮಾಡುವವರೇ ಆಗಿರಬೇಕು. ಆ ಹೊತ್ತಿನಲ್ಲಿ ಅವರಿಗೆ ಬಿಡುವಿರಬೇಕು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಅದೇ ತರಗತಿಯಲ್ಲಿ ಅವರ ಸ್ವಂತ ಪಿರಿಯಡ್, ತರಬೇತಿಗೆ ಹೋದವರ ಬಿಡುವಿನಲ್ಲಿ ಬರಬೇಕು. ಇಲ್ಲವಾದರೆ ಸಾಲ ತೀರಿಸಲು ದಾರಿಯೇ ಇರುವುದಿಲ್ಲ.

ಹತ್ತನೇ ತರಗತಿಯಲ್ಲಿ ಇದು ಹೇಗೆ ಕೂಡುತ್ತದೆ ನೋಡಿ. ವಿಜ್ಞಾನ ದಿನಾಲೂ ನಾಲ್ಕನೇ ಪಿರಿಯಡ್. ವಿಜ್ಞಾನದ ಗುರುಗಳಿಗೆ ಮೊದಲನೇ ಪಿರಿಯಡ್ ಸೋಮವಾರ, ಮಂಗಳವಾರ, ಗುರುವಾರ ಬಿಡುವು. ಗಣಿತ ಶಿಕ್ಷಕಿಗೆ ನಾಲ್ಕನೆಯದು ಬಿಡುವೇ. ಹಾಗಾಗಿ ಮೂರು ಪಿರಿಯಡ್ ಕೊಟ್ಟು ತೆಗೆದುಕೊಳ್ಳಬಹುದು. ಬುಧವಾರಕ್ಕೆ ಕನ್ನಡ ಗುರುಗಳು "ನಾ ಹೋಗ್ತೀನಿ ಬಿಡ್ರಿ" ಅನ್ನುತ್ತಾರೆ, ಅವರಿಗೆ ಆ ಹೊತ್ತು ಬಿಡುವೂ ಇದೆ. ಆದರೆ ಹತ್ತನೇ ತರಗತಿಗೆ ಕನ್ನಡ ಇರುವುದು ಆರನೇ ಪಿರಿಯಡ್, ಆಗ ಗಣಿತ ಶಿಕ್ಷಕಿ ಎಂಟನೇ ತರಗತಿಯಲ್ಲಿ ನಿಂತಿರುತ್ತಾರೆ. ಕನ್ನಡಕ್ಕೆ ಒಂದು ಪಿರಿಯಡ್ ಹೆಚ್ಚು ಸಿಗುತ್ತದೆ, ಗಣಿತಕ್ಕೆ ಅದು ಎಂದೂ ಮರಳುವುದಿಲ್ಲ. ಒಳ್ಳೆಯ ಮನಸ್ಸಿನ ಸಹಾಯವೇ ಇಲ್ಲಿ ಲೆಕ್ಕ ತಪ್ಪಿಸುತ್ತದೆ. ಸಮಾಜ ವಿಜ್ಞಾನ ಎರಡನೇ ಪಿರಿಯಡ್, ಆ ಗುರುಗಳಿಗೂ ಬುಧವಾರ ಮೊದಲನೆಯದು ಬಿಡುವು. ಬುಧವಾರ ಅವರಿಗೆ. ಶುಕ್ರವಾರ ಆ ತರಗತಿಯ ಗುರುಗಳಲ್ಲಿ ಯಾರಿಗೂ ಬಿಡುವಿಲ್ಲ; ಆ ಒಂದು ಪಿರಿಯಡ್‌ಗೆ ಮಾತ್ರ ಮೇಲ್ವಿಚಾರಣೆಯಲ್ಲಿ ಅಭ್ಯಾಸ.

ಹೀಗೆಯೇ ಉಳಿದ ಮೂರು ತರಗತಿಗಳನ್ನೂ ಕೂಡಿಸಿದರೆ, ಒಂಬತ್ತು 'ಎ'ಯಲ್ಲಿ ಮೂರು, 'ಬಿ'ಯಲ್ಲಿ ಎರಡು, ಎಂಟರಲ್ಲಿ ಮೂರು ಅದಲುಬದಲು ಸಿಕ್ಕವು ಎಂದುಕೊಳ್ಳೋಣ. ಒಟ್ಟು 20ರಲ್ಲಿ 12 ಪಿರಿಯಡ್ ವಾಪಸು ಬರುತ್ತವೆ, ಎಂಟು ಅಭ್ಯಾಸಕ್ಕೆ ಹೋಗುತ್ತವೆ. ಹನ್ನೆರಡನ್ನೂ ಮರುವಾರವೇ ತೀರಿಸುತ್ತೇನೆ ಎಂದು ಶಿಕ್ಷಕಿ ಬರೆದಿದ್ದರೆ ನಂಬಬೇಡಿ. ವಾರದ ಐದು ದಿನದಲ್ಲಿ ಅವರ ಬಿಡುವು 15 ಪಿರಿಯಡ್. ಅದರಲ್ಲಿ 12 ಹೋದರೆ ಪುಸ್ತಕ ತಿದ್ದುವುದು ಯಾವಾಗ? ವಾರಕ್ಕೆ ಆರರಂತೆ ಎರಡು ವಾರ ಎಂದು ಬರೆದಿದ್ದರೆ ಅದು ನಡೆಯುವ ಲೆಕ್ಕ.

ಅಭ್ಯಾಸದ ಎಂಟು ಪಿರಿಯಡ್‌ಗಳೂ ವ್ಯರ್ಥವಾಗಬೇಕಿಲ್ಲ. ನಿಯಮ ಸರಳ: ಹೊಸ ಪಾಠ ಬೇಡ. ಗಣಿತ ಗೊತ್ತಿಲ್ಲದವರು ಕೂತಿರುವ ತರಗತಿಯಲ್ಲಿ ಹೊಸ ಅಧ್ಯಾಯ "ಓದಿಕೊಳ್ಳಿ" ಎಂದರೆ ಮಕ್ಕಳು ತಪ್ಪು ಕಲಿಯುತ್ತಾರೆ, ಅದನ್ನು ಬಿಡಿಸುವುದಕ್ಕೆ ಇನ್ನೆರಡು ಪಿರಿಯಡ್ ಬೇಕು. ಮುಗಿದ ಪಾಠದಿಂದ ಆರು ಲೆಕ್ಕ ಸಾಕು, 40 ನಿಮಿಷಕ್ಕೆ ಅಷ್ಟೇ ಹಿಡಿಸುತ್ತದೆ. ಮೊದಲೆರಡು ಎಲ್ಲರಿಗೂ ಬರುವಂಥವು, ಕೊನೆಯದು ತಲೆ ಕೆರೆದುಕೊಳ್ಳುವಂಥದು. ಕೊನೆಯ ಉತ್ತರ ಮಾತ್ರ ಮೇಲ್ವಿಚಾರಕರ ಕೈಯಲ್ಲಿರಬೇಕು, ಬಿಡಿಸುವ ಹಂತಗಳು ಬೇಡ. ಹತ್ತು ನಿಮಿಷ ಇರುವಾಗ ಅವರು ಉತ್ತರ ಓದುತ್ತಾರೆ, ಮಕ್ಕಳು ತಪ್ಪಿದ ಲೆಕ್ಕಕ್ಕೆ ಗುರುತು ಹಾಕುತ್ತಾರೆ. ದೈಹಿಕ ಶಿಕ್ಷಕರೂ ಚಿತ್ರಕಲಾ ಗುರುಗಳೂ ಇದನ್ನು ನಿರಾಯಾಸವಾಗಿ ನಡೆಸಬಲ್ಲರು. ಶನಿವಾರ ಶಿಕ್ಷಕಿ ಆ ಗುರುತುಗಳಿಂದಲೇ ಪಾಠ ಶುರು ಮಾಡುತ್ತಾರೆ.

ಇದು ನಡೆಯಿತೋ ಇಲ್ಲವೋ ಎಂದು ತಿಳಿಯಲು ತಾವು ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಶುಕ್ರವಾರ ಮಧ್ಯಾಹ್ನ ಪ್ರತಿ ತರಗತಿಯಿಂದ ನಾಲ್ಕೈದು ನೋಟ್‌ಬುಕ್ ತರಿಸಿ. ಎಲ್ಲ ಪುಸ್ತಕದಲ್ಲೂ ಒಂದೇ ಲೆಕ್ಕ, ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಯಾರೋ ಬೋರ್ಡಿನ ಮೇಲೆ ಬರೆದಿದ್ದಾರೆ, ಮಕ್ಕಳು ನಕಲು ಮಾಡಿದ್ದಾರೆ. ಎಲ್ಲವೂ ಸರಿ, ಒಂದೂ ಗುರುತಿಲ್ಲದಿದ್ದರೆ ಗೈಡ್ ಕೈಯಲ್ಲಿತ್ತು. ಒಬ್ಬೊಬ್ಬರದು ಒಂದೊಂದು ಕಡೆ ನಿಂತಿದ್ದರೆ ಕೆಲಸ ನಡೆದಿದೆ.

ಎರಡು ವಿಭಾಗ ಕೂಡಿಸಿಬಿಡುವ ಉಪಾಯದ ಬಗ್ಗೆ ಒಂದು ಮಾತು. ಒಂಬತ್ತು 'ಎ', 'ಬಿ' ಎರಡನ್ನೂ ಒಂದೇ ಕೋಣೆಗೆ ತುಂಬಿದರೆ ಕಾಗದದಲ್ಲಿ ಐದು ಪಿರಿಯಡ್ ಉಳಿಯುತ್ತವೆ. ಬೆಂಚು ಸಾಲದೆ ಹಿಂದಿನವರು ನಿಂತು ಬರೆಯುವ ತರಗತಿಯಲ್ಲಿ ಏನೂ ಉಳಿಯುವುದಿಲ್ಲ. ಕಲಬುರಗಿಯಲ್ಲಿ ಇನ್ನೊಂದು ತೊಡಕಿದೆ. ಕನ್ನಡ, ಉರ್ದು, ಇಂಗ್ಲಿಷ್ ಮಾಧ್ಯಮಗಳಲ್ಲಿ ಎರಡಾದರೂ ಒಂದೇ ಆವರಣದಲ್ಲಿ ಇರುವ ಶಾಲೆಗಳು ಇಲ್ಲಿವೆ. ಅಂಥಲ್ಲಿ ಗಣಿತದವರ ಜಾಗಕ್ಕೆ ಗಣಿತದವರೇ ಇದ್ದಾರಲ್ಲ ಎಂದು ಉರ್ದು ಮಾಧ್ಯಮದ ತರಗತಿಗೆ ಕನ್ನಡ ಮಾಧ್ಯಮದ ಗುರುಗಳನ್ನು ಕಳಿಸಿದರೆ ಬೋರ್ಡಿನ ಮೇಲಿನ ಅಂಕಿಯಷ್ಟೇ ಮಕ್ಕಳಿಗೆ ತಿಳಿಯುತ್ತದೆ.

ಎಂಟನೇ ತರಗತಿಯನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ, ಅಲ್ಲಿ ಬೋರ್ಡ್ ಪರೀಕ್ಷೆಯಿಲ್ಲವೆಂದು. ಕಾನೂನಿನ ಕಣ್ಣಲ್ಲಿ ಅದೇ ಬಿಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1000 ಬೋಧನಾ ಗಂಟೆ ಎಂದು ಗೊತ್ತುಪಡಿಸಿದೆ. ಕಾವಲು ಕೂತ ಗಂಟೆಯನ್ನು ಬೋಧನೆಯ ಗಂಟೆ ಎಂದು ಬರೆದುಕೊಳ್ಳುವುದು ಸುಲಭ. ಒಂಬತ್ತನೇ ತರಗತಿಗೆ ಬಂದಾಗ ಆ ಮಕ್ಕಳಿಗೆ ಬೀಜೋಕ್ತಿ ಬರುವುದಿಲ್ಲ ಎಂದು ದೂರುವವರೂ ನಾವೇ.

ಇನ್ನು ಪತ್ರ. ಮೇಲಿನ ಲೆಕ್ಕವೆಲ್ಲ ಒಂದೇ ಪುಟದಲ್ಲಿ ಕೂರುತ್ತದೆ. ಶಿಕ್ಷಕಿ ಹೀಗೆ ಬರೆಯಬಹುದು:

ವಿಷಯ: ಕಮಲಾಪುರದ ಡಯಟ್‌ನಲ್ಲಿ ನಡೆಯುವ ಐದು ದಿನಗಳ ಗಣಿತ ತರಬೇತಿಗೆ ಅನ್ಯಕಾರ್ಯ ನಿಮಿತ್ತ ಬಿಡುಗಡೆ ಮಾಡುವ ಕುರಿತು.

ಉಲ್ಲೇಖ: ತರಬೇತಿ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ (ಪ್ರತಿ ಲಗತ್ತಿಸಿದೆ).

ಮಾನ್ಯರೇ, ಮೇಲ್ಕಂಡ ಸುತ್ತೋಲೆಯಂತೆ ಸೋಮವಾರದಿಂದ ಶುಕ್ರವಾರದವರೆಗೆ ತರಬೇತಿಗೆ ಹಾಜರಾಗಬೇಕಿದೆ. ಈ ಅವಧಿಯಲ್ಲಿ ನನ್ನ 20 ಪಿರಿಯಡ್‌ಗಳಿವೆ. ಅದರಲ್ಲಿ 12 ಪಿರಿಯಡ್‌ಗಳನ್ನು ಆಯಾ ತರಗತಿಯ ವಿಷಯ ಶಿಕ್ಷಕರೊಂದಿಗೆ ಅದಲುಬದಲು ಮಾಡಿಕೊಂಡಿದ್ದು, ಮರಳಿದ ಮೇಲೆ ಎರಡು ವಾರದಲ್ಲಿ, ವಾರಕ್ಕೆ ಆರರಂತೆ, ಅವರ ಪಿರಿಯಡ್‌ಗಳಲ್ಲಿ ಗಣಿತ ಪಾಠ ಮಾಡುತ್ತೇನೆ. ಉಳಿದ ಎಂಟು ಪಿರಿಯಡ್‌ಗಳಿಗೆ ಅಭ್ಯಾಸ ಹಾಳೆಗಳನ್ನು ತರಗತಿವಾರು ಲಕೋಟೆಯಲ್ಲಿ ಇಟ್ಟು ಕಚೇರಿಗೆ ಒಪ್ಪಿಸಿದ್ದೇನೆ. ದಿನ, ಪಿರಿಯಡ್, ತರಗತಿ, ಬದಲಿ ಶಿಕ್ಷಕರ ಹೆಸರು ಹಾಗೂ ಸಹಿ, ತೀರಿಸುವ ದಿನ ಇವುಗಳ ಪಟ್ಟಿ ಲಗತ್ತಿಸಿದೆ. ಶನಿವಾರ ಹಾಜರಾತಿ ಪ್ರಮಾಣಪತ್ರದೊಂದಿಗೆ ಕರ್ತವ್ಯಕ್ಕೆ ಹಾಜರಾಗುತ್ತೇನೆ.

ಇಷ್ಟೇ. "ತರಬೇತಿಯಿಂದ ನನ್ನ ಜ್ಞಾನ ವೃದ್ಧಿಯಾಗಿ" ಎಂಬ ಪ್ಯಾರಾ ಬೇಕಿಲ್ಲ, ಕರೆದದ್ದು ಇಲಾಖೆಯೇ. ಜೀವಾಳವಿರುವುದು ಲಗತ್ತಿಸಿದ ಪಟ್ಟಿಯಲ್ಲಿ, ಅದರಲ್ಲೂ ಸಹಿಯ ಕಾಲಂನಲ್ಲಿ. ಕೇಳದೆಯೇ ಸಹೋದ್ಯೋಗಿಯ ಹೆಸರು ಬರೆದುಬಿಡುವುದು ಈ ಪತ್ರಗಳ ಹಳೆಯ ರೋಗ. ಸೋಮವಾರ ಬೆಳಿಗ್ಗೆ ಆ ಸಹೋದ್ಯೋಗಿ "ನನ್ನ ಯಾರೂ ಕೇಳಿಲ್ರಿ" ಎಂದಾಗ ಶಿಕ್ಷಕಿ ಕಮಲಾಪುರದ ಬಸ್ಸಿನಲ್ಲಿರುತ್ತಾರೆ. ಸಹಿ ಹಾಕಿಸಲು ಹೋದಾಗಲೇ ತಿಳಿಯುತ್ತದೆ, ವಿಜ್ಞಾನದ ಗುರುಗಳಿಗೂ ಅದೇ ವಾರ ಬೇರೆ ತರಬೇತಿಯ ಕರೆ ಬಂದಿದೆಯೆಂದು.

ಅಂಥ ಸಂದರ್ಭದಲ್ಲಿ ಕೆಲಸ ತಮ್ಮದು. ಡಯಟ್‌ನ ತರಬೇತಿಗಳು ಸಾಮಾನ್ಯವಾಗಿ ತಂಡ ತಂಡವಾಗಿ ನಡೆಯುತ್ತವೆ. ಇಬ್ಬರಲ್ಲಿ ಒಬ್ಬರನ್ನು ಮುಂದಿನ ತಂಡಕ್ಕೆ ಹಾಕುವಂತೆ ಕೋರಿ ಮುಖ್ಯಸ್ಥರು ಬರೆಯಬೇಕು, ಶಿಕ್ಷಕರು ಫೋನಿನಲ್ಲಿ ಗೋಗರೆಯುವುದಲ್ಲ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಗೆ ಎರಡು ವಾರವೂ ಇಲ್ಲದಾಗ ಕರೆ ಬಂದರೂ ಇದೇ ದಾರಿ. ಯಾಕೆಂದರೆ ಆಗ ಕೊಟ್ಟ ಪಿರಿಯಡ್‌ಗಳನ್ನು ತೀರಿಸಲು ದಿನಗಳೇ ಉಳಿದಿರುವುದಿಲ್ಲ, ಎಷ್ಟೇ ಅಚ್ಚುಕಟ್ಟಾದ ಪಟ್ಟಿಯಿದ್ದರೂ ಅದು ಸುಳ್ಳಾಗುತ್ತದೆ. ಜುಲೈನಲ್ಲಿ ಧಾರಾಳವಾಗಿ ಕೊಡಬಹುದಾದ ಅನುಮತಿಯನ್ನು ಜನವರಿಯಲ್ಲಿ ತಡೆಯುವುದು ಹಟಮಾರಿತನವಲ್ಲ.

ಕಮಲಾಪುರ ತಾಲ್ಲೂಕಿನ ಹಳ್ಳಿ ಶಾಲೆಗಳ ಮುಖ್ಯಗುರುಗಳಿಗೆ ಈ ಲೆಕ್ಕವೆಲ್ಲ ಸಿರಿವಂತರ ಮಾತಾಗಿ ಕೇಳಿಸಬಹುದು. ಡಯಟ್ ಅವರಿಗೆ ಹತ್ತಿರ, ಆದರೆ ಬದಲಿಗೆ ಜನವೇ ಇಲ್ಲ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಹೋದರೆ ಅದಲುಬದಲು ಯಾರೊಂದಿಗೆ? ಅಲ್ಲಿ ಪತ್ರದ ಬದಲಿ ವ್ಯವಸ್ಥೆ ಶಾಲೆಯ ಗೋಡೆಯೊಳಗೆ ಮುಗಿಯುವುದಿಲ್ಲ. ಸಿ.ಆರ್.ಪಿ. ಮೂಲಕ ಪಕ್ಕದ ಶಾಲೆಯಿಂದ ಒಬ್ಬರನ್ನು ಆ ದಿನಗಳಿಗೆ ಲಿಖಿತವಾಗಿ ಕೇಳುವುದು, ಆ ಕೋರಿಕೆಯ ಪ್ರತಿಯನ್ನು ಶಿಕ್ಷಕರ ಪತ್ರಕ್ಕೇ ಲಗತ್ತಿಸುವುದು ಒಂದೇ ದಾರಿ. ಯಾರೂ ಬರದಿದ್ದರೆ ಯಾರೂ ಬರಲಿಲ್ಲ ಎಂಬುದಾದರೂ ದಾಖಲೆಯಲ್ಲಿ ಉಳಿಯುತ್ತದೆ. ಎಲ್ಲ ತರಗತಿಯೂ ಒಂದೇ ಕೋಣೆಯಲ್ಲಿ ಕೂತಿದ್ದ ವಾರವನ್ನು "ತೊಂದರೆಯಾಗದಂತೆ ನೋಡಿಕೊಳ್ಳಲಾಯಿತು" ಎಂದು ಬರೆಯುವುದಕ್ಕಿಂತ ಅದು ಮೇಲು.

ಆದ್ದರಿಂದ ಮಾನ್ಯರೇ, ಮುಂದಿನ ಸಲ ಕಮಲಾಪುರದ ಸುತ್ತೋಲೆ ಬಂದಾಗ ಎರಡು ಕೆಲಸ ಮಾಡಿ. ಬದಲಿ ಶಿಕ್ಷಕರ ಸಹಿಯಿರುವ ಪಟ್ಟಿ ಇಲ್ಲದ ಪತ್ರವನ್ನು ಶಿಕ್ಷಕರಿಗೇ ವಾಪಸು ಕೊಡಿ, ಪಟ್ಟಿ ಮಾಡಲು ಒಂದು ದಿನ ಸಮಯ ಕೊಡಿ. ಪಟ್ಟಿ ಸರಿಯಿದ್ದರೆ ಅದೇ ದಿನ ಬಿಡುಗಡೆ ಆದೇಶಕ್ಕೆ ಸಹಿ ಹಾಕಿ, ಪಟ್ಟಿಯ ಪ್ರತಿಯನ್ನು ತರಬೇತಿಗೆ ಮೊದಲಿನ ಶನಿವಾರವೇ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ.

ಇಂತಿ,
ನಿಮ್ಮ ಊರಿನ ತರಗತಿಗಳ ಹಿತೈಷಿ